ಒಂದೇ ಕುಲುಕು, ಮೂರು ಅರ್ಥ
ಎಳನೀರು, ಬಲಿತ ಕಾಯಿ, ಕೊಬ್ಬರಿ: ಒಡೆಯುವ ಮೊದಲೇ ಒಳಗನ್ನು ಅರಿಯುವ ಬಗೆ

ತೆಂಗಿನಕಾಯಿ ಕೊಳ್ಳಲು ಹೋದವರು ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರು ಕುಲುಕಿದರೆ ಕಾಯಿ ಚೀಲಕ್ಕೆ ಹೋಗುತ್ತದೆ, ಕುಲುಕದಿದ್ದರೆ ರಾಶಿಗೆ ವಾಪಸು. ಅಂಗಡಿಯ ಮಟ್ಟಿಗೆ ಇದು ಸರಿಯಾದ ಪರೀಕ್ಷೆಯೇ. ಆದರೆ ಅದೇ ಮನುಷ್ಯ ಎಳನೀರಿನ ಗಾಡಿಯ ಮುಂದೆ ನಿಂತು ಅದೇ ಪರೀಕ್ಷೆ ಮಾಡಿ, ಕುಲುಕುವ ಕಾಯನ್ನೇ ಆರಿಸಿದರೆ ಮೋಸ ಹೋಗುತ್ತಾನೆ. ಅಲ್ಲಿ ಸದ್ದು ಬಂದರೆ ಕಾಯಿ ಬಲಿತುಬಿಟ್ಟಿದೆ ಎಂದರ್ಥ. ತಿಪಟೂರಿನ ಕಡೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿದ ಕಾಯನ್ನು ಅಲ್ಲಾಡಿಸಿದಾಗ ನೀರಿನ ಸದ್ದು ಕೇಳಿದರೆ, ಕೊಬ್ಬರಿ ಇನ್ನೂ ಆಗಿಲ್ಲ ಎಂದು ಅದನ್ನು ಅಲ್ಲಿಯೇ ಬಿಡುತ್ತಾರೆ.

ಹೀಗೆ ಒಂದೇ ಕುಲುಕಿಗೆ ಮೂರು ಕಡೆ ಮೂರು ಅರ್ಥ. ಹೊರಗಿನ ಗುರುತನ್ನು ಓದುವ ಮೊದಲು ಕಾಯಿಯ ವಯಸ್ಸು ಗೊತ್ತಿರಬೇಕು. ವಯಸ್ಸು ತಿಳಿಯದೆ ಬಣ್ಣ, ತೂಕ, ಸದ್ದುಗಳನ್ನು ಎಷ್ಟು ಪರೀಕ್ಷಿಸಿದರೂ ತಪ್ಪು ಉತ್ತರ ಬರಬಹುದು.

ಮರದ ಮೇಲಿನ ಹನ್ನೆರಡು ತಿಂಗಳು

ಚೆನ್ನಾಗಿ ನೋಡಿಕೊಂಡ ಮರದಲ್ಲಿ ಸುಮಾರು ತಿಂಗಳಿಗೊಂದು ಹೊಂಬಾಳೆ ಒಡೆಯುತ್ತದೆ. ಹಾಗಾಗಿ ಮರದ ತಲೆಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದರೆ ಗೊನೆಗಳು ವಯಸ್ಸಿನ ಕ್ರಮದಲ್ಲಿಯೇ ಇರುತ್ತವೆ. ಈಗಷ್ಟೇ ಒಡೆದ ಹೊಂಬಾಳೆ ಮೇಲೆ, ಕೊಯ್ಲಿಗೆ ಬಂದ ಗೊನೆ ಎಲ್ಲಕ್ಕಿಂತ ಕೆಳಗೆ. ಹೊಂಬಾಳೆ ಒಡೆದ ದಿನದಿಂದ ಕಾಯಿ ಪೂರ್ತಿ ಬಲಿಯಲು ಸುಮಾರು 12 ತಿಂಗಳು ಬೇಕು. ಕಾಯಿ ಕೀಳುವವರು ಕೆಳಗಿನಿಂದಲೇ ಗೊನೆ ಎಣಿಸಿ ಇದು ಎಳನೀರಿಗೆ, ಇದು ಕಾಯಿಗೆ ಎಂದು ಹೇಳುವುದು ಈ ಲೆಕ್ಕದ ಮೇಲೆ.

ಈ ಹನ್ನೆರಡು ತಿಂಗಳಲ್ಲಿ ಒಳಗೆ ನಡೆಯುವುದೇನು? ಮೊದಲ ತಿಂಗಳುಗಳಲ್ಲಿ ಸಿಪ್ಪೆ ಮತ್ತು ಇನ್ನೂ ಮೆತ್ತಗಿರುವ ಚಿಪ್ಪು ಬೆಳೆಯುತ್ತವೆ, ನಡುವಿನ ಪೊಳ್ಳಿನಲ್ಲಿ ನೀರು ತುಂಬಿಕೊಳ್ಳುತ್ತದೆ. ಆರು ಏಳು ತಿಂಗಳ ಹೊತ್ತಿಗೆ ಕಾಯಿ ತನ್ನ ಪೂರ್ತಿ ಗಾತ್ರ ಮುಟ್ಟುತ್ತದೆ. ಪೊಳ್ಳು ಅಂಚಿನವರೆಗೆ ತುಂಬಿ, ನೀರಿನ ಸಿಹಿಯೂ ಆಗಲೇ ಹೆಚ್ಚಾಗಿರುತ್ತದೆ. ಗಂಜಿ ಕಟ್ಟಲು ಆರಂಭವಾಗುವುದೂ ಈ ಸುಮಾರಿಗೆ. ಅದು ಮೊದಲು ತೊಟ್ಟಿಗೆ ಎದುರಾದ ತುದಿಯಲ್ಲಿ ತೆಳ್ಳಗೆ ಕೂತು, ಆಮೇಲೆ ಗೋಡೆಗುಂಟ ತೊಟ್ಟಿನ ಕಡೆಗೆ ಹರಡುತ್ತದೆ.

ಅಲ್ಲಿಂದ ಮುಂದೆ ನೀರಿನ ಕಾಲ ಇಳಿಮುಖ. ಗಂಜಿ ದಪ್ಪವಾಗಿ ಕಾಯಿತುರಿಗೆ ಬರುವ ತಿರುಳಾಗುತ್ತದೆ, ಚಿಪ್ಪು ಗಟ್ಟಿಯಾಗಿ ಕಂದುತ್ತದೆ, ನೀರು ಕಡಿಮೆಯಾಗುತ್ತ ಹೋಗುತ್ತದೆ. ಖಾಲಿಯಾದ ಜಾಗದಲ್ಲಿ ಗಾಳಿ ಸೇರುತ್ತದೆ. ಕುಲುಕುವ ಸದ್ದಿನ ಮೂಲ ಇಷ್ಟೇ: ನೀರು ಓಡಾಡಲು ಜಾಗ ಬೇಕು. ಎಳೆಯ ಕಾಯಲ್ಲಿ ಆ ಜಾಗವಿಲ್ಲ, ಆದ್ದರಿಂದ ಅದು ಮೌನವಾಗಿರುತ್ತದೆ. ಮಚ್ಚಿನಿಂದ ತುದಿ ಹಾರಿಸಿದಾಗ ನೀರು ಚಿಮ್ಮುವುದೂ ಒಳಗೆ ಬಿಗಿಯಾಗಿ ತುಂಬಿರುವುದರಿಂದಲೇ.

ಎಳನೀರಿನ ಗಾಡಿಯ ಮುಂದೆ

ಬೆಂಗಳೂರು, ಮೈಸೂರಿನ ರಸ್ತೆ ಬದಿಗಳಲ್ಲಿ ಎಳನೀರಿನವರು ಮೊದಲು ಕೇಳುವ ಪ್ರಶ್ನೆ ಒಂದೇ: “ನೀರು ಕಾಯಾ, ಗಂಜಿ ಇರೋದಾ ಅಣ್ಣ?” ನಾವು ಹೇಳಿದ ಮೇಲೆ ಅವರು ರಾಶಿಯಲ್ಲಿ ಕೈಯಾಡಿಸಿ, ಒಂದೆರಡು ಕಾಯಿಗೆ ಬೆರಳಿನಿಂದಲೋ ಮಚ್ಚಿನ ಹಿಂಬದಿಯಿಂದಲೋ ತಟ್ಟಿ, ಒಂದನ್ನು ಎತ್ತಿಕೊಳ್ಳುತ್ತಾರೆ. ಹತ್ತಕ್ಕೆ ಎಂಟು ಒಂಬತ್ತು ಸಲ ಅವರ ಊಹೆ ಸರಿಯಾಗಿರುತ್ತದೆ. ಅವರು ನೋಡುವುದೇನು ಎಂದು ನಾವೂ ಕಲಿಯಬಹುದು.

ಬಣ್ಣವನ್ನು ಮೊದಲು ಪಕ್ಕಕ್ಕಿಡಬೇಕು. ಹಸಿರಾಗಿದ್ದರೆ ಎಳೆಯದು, ಹಳದಿಗೆ ತಿರುಗಿದ್ದರೆ ಬಲಿತದ್ದು ಎಂಬ ನಂಬಿಕೆ ನಮ್ಮ ಎತ್ತರದ ತಳಿಗಳ ಮಟ್ಟಿಗೆ ಅರ್ಧ ಸತ್ಯ. ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಎಳನೀರಿಗೆಂದೇ ಶಿಫಾರಸು ಮಾಡಿರುವ ಚೌಘಾಟ್ ಕೇಸರಿ ಗಿಡ್ಡ ತಳಿಯ ಕಾಯಿ ಎಳೆಯದಿರುವಾಗಲೇ ಕಿತ್ತಳೆ ಬಣ್ಣಕ್ಕಿರುತ್ತದೆ. ಅದನ್ನು ಕಂಡು ಬಲಿತಿದೆ ಎಂದು ಬಿಟ್ಟರೆ ಒಳ್ಳೆಯ ನೀರು ಕೈತಪ್ಪುತ್ತದೆ. ಬಣ್ಣ ಹೇಳುವುದು ತಳಿಯನ್ನು. ವಯಸ್ಸು ತಿಳಿಯಬೇಕಾದರೆ ಬಣ್ಣದ ಬದಲು ಹೊಳಪನ್ನು ನೋಡಬೇಕು. ಎಳೆಯ ಕಾಯಿಯ ಸಿಪ್ಪೆ ನುಣುಪಾಗಿ, ಬಿಗಿಯಾಗಿ, ತುಸು ಹೊಳೆಯುತ್ತಿರುತ್ತದೆ. ಬಲಿಯುತ್ತ ಬಂದಂತೆ ಹೊಳಪು ಹೋಗಿ, ಅಲ್ಲಲ್ಲಿ ಕಂದು ಗೀರುಗಳು ಕಾಣಿಸಿಕೊಳ್ಳುತ್ತವೆ.

ಇದಕ್ಕಿಂತ ನಂಬಬಹುದಾದ ಗುರುತು ತೊಟ್ಟಿನ ಬಳಿ ಇದೆ. ತೊಟ್ಟಿನ ಸುತ್ತ ಒಂದರ ಮೇಲೊಂದು ಮುಚ್ಚಿಕೊಂಡ ದಪ್ಪ ದಳಗಳಿರುತ್ತವೆ. ಕಾಯಿಯ ಹೊಸ ಬೆಳವಣಿಗೆ ಆಗುವುದು ಈ ದಳಗಳ ಅಡಿಯಲ್ಲಿ. ಅಲ್ಲಿಂದ ಹೊಸದಾಗಿ ಹೊರಬಂದ ಸಿಪ್ಪೆಗೆ ಬಿಸಿಲು ತಾಗಿರುವುದಿಲ್ಲವಾದ್ದರಿಂದ ಅದು ಬಿಳಿಚಿಕೊಂಡಿರುತ್ತದೆ. ದಳಗಳ ಅಂಚಿನ ಕೆಳಗೆ ಅಗಲವಾದ ಬಿಳಿ ಪಟ್ಟಿ ಕಂಡರೆ ಕಾಯಿ ಇನ್ನೂ ಬೆಳೆಯುತ್ತಿದೆ, ಅಂದರೆ ತೀರಾ ಎಳಸು. ಅದರ ನೀರು ಸಪ್ಪೆ, ಕೆಲವೊಮ್ಮೆ ಒಗರು. ಗಂಜಿ ಇರುವುದೇ ಇಲ್ಲ. ಬಿಳಿ ಪಟ್ಟಿ ಸಣ್ಣಗಾಗಿ, ಬಹುತೇಕ ಮಾಯವಾಗುತ್ತ ಬಂದಿದ್ದರೆ ಕಾಯಿಯ ಗಾತ್ರ ಪೂರ್ತಿಯಾಗಿದೆ, ನೀರು ಸಿಹಿಯಾಗಿದೆ. ಪಟ್ಟಿ ಪೂರ್ತಿ ಅಳಿಸಿಹೋಗಿ, ಕಾಯಿಯ ಬಣ್ಣ ತೊಟ್ಟಿನವರೆಗೂ ಒಂದೇ ಸಮನಾಗಿದ್ದರೆ ಗಂಜಿ ಕಟ್ಟಿರುತ್ತದೆ. ಗೊನೆಯ ಕಡ್ಡಿಗಳೂ ಇದನ್ನೇ ಹೇಳುತ್ತವೆ. ಕಾಯಿ ಅಂಟಿಕೊಂಡ ಕಡ್ಡಿಯ ತುದಿ ಎಳೆತನದಲ್ಲಿ ಹಸಿರಾಗಿದ್ದು, ವಯಸ್ಸಾದಂತೆ ತುದಿಯಿಂದ ಒಣಗುತ್ತ ಬರುತ್ತದೆ. ಅರ್ಧ ಒಣಗಿ ಅರ್ಧ ಹಸಿರಿದ್ದರೆ ಎಳನೀರಿಗೆ ಹದವಾದ ಕಾಲ.

ಇವೆರಡನ್ನೂ ನೋಡಿದ ಮೇಲೆ ತಟ್ಟಿ ನೋಡುವುದು, ಅಲ್ಲಾಡಿಸುವುದು. ತುಂಬಿದ ಎಳನೀರಿಗೆ ತಟ್ಟಿದರೆ ದಪ್ಪಗಿನ ಮಂದ ಸದ್ದು, ಅಲ್ಲಾಡಿಸಿದರೆ ಮೌನ. ತೂಕ ಗಾತ್ರಕ್ಕೆ ತಕ್ಕಂತೆ ಭಾರ. ಅಲ್ಲಾಡಿಸಿದಾಗ ನೀರು ಸ್ಪಷ್ಟವಾಗಿ ಕುಲುಕಿದರೆ ಎರಡರಲ್ಲೊಂದು: ಒಂದೋ ಬಲಿತಿದೆ, ಇಲ್ಲವೇ ಕಿತ್ತು ಬಹಳ ದಿನವಾಗಿ ಒಳಗಿನ ನೀರು ಇಂಗಿದೆ. ಎರಡೂ ನಮಗೆ ಬೇಡ.

ಗಾಡಿಯವರಿಗೆ ಇರುವ ಇನ್ನೊಂದು ಅನುಕೂಲ ಗೊನೆ. ಒಂದೇ ಗೊನೆಯ ಕಾಯಿಗಳು ಹೆಚ್ಚೂ ಕಡಿಮೆ ಒಂದೇ ವಯಸ್ಸಿನವು. ಬೆಳಗ್ಗೆ ಒಂದನ್ನು ಕೊಚ್ಚಿದ ಮೇಲೆ ಆ ಗೊನೆಯ ಉಳಿದ ಕಾಯಿಗಳಲ್ಲಿ ಗಂಜಿ ಎಷ್ಟಿದೆ ಎಂದು ಅವರಿಗೆ ಗೊತ್ತಾಗಿರುತ್ತದೆ. ನಾಲ್ಕೈದು ಕಾಯಿ ಬೇಕಿದ್ದಾಗ, ಮೊದಲು ಕುಡಿದದ್ದು ಹಿಡಿಸಿದರೆ ಅದೇ ಗೊನೆಯಿಂದಲೇ ಉಳಿದವನ್ನು ಕೇಳಿ ತೆಗೆದುಕೊಳ್ಳುವುದು ಎಲ್ಲ ಪರೀಕ್ಷೆಗಿಂತ ಸುಲಭ.

ಕುರೂಪವೆಲ್ಲ ಕೆಟ್ಟದ್ದಲ್ಲ

ಸಿಪ್ಪೆಯ ಮೇಲೆ ಕಂದು ಕಲೆ, ಒರಟು ಬಿರುಕು, ಅಂಟು ಒಸರಿದ ಗುರುತು ಇರುವ ಎಳನೀರನ್ನು ಜನ ಕೊಳೆತದ್ದೆಂದು ತಿಳಿದು ಬದಿಗೆ ಸರಿಸುವುದುಂಟು. ಬಹುಪಾಲು ಇದು ನುಸಿಯ ಕೆಲಸ. ಕೇರಳದಲ್ಲಿ 1998ರಲ್ಲಿ ಗುರುತಿಸಲಾದ ಈ ಪೀಡೆ ಬೇಗನೆ ಕರ್ನಾಟಕದ ತೋಟಗಳಿಗೂ ಹಬ್ಬಿತು. ಬರಿಗಣ್ಣಿಗೆ ಕಾಣದಷ್ಟು ಸಣ್ಣದಾದ ಈ ನುಸಿ ಮೇಲೆ ಹೇಳಿದ ತೊಟ್ಟಿನ ದಳಗಳ ಅಡಿಯಲ್ಲಿಯೇ ಅಡಗಿ, ಅಲ್ಲಿನ ಎಳೆ ಸಿಪ್ಪೆಯ ರಸ ಹೀರುತ್ತದೆ. ಗಾಯವಾದ ಸಿಪ್ಪೆ ಬೆಳೆಯುತ್ತ ಹೊರಬಂದಾಗ ದಳದ ಅಂಚಿನಲ್ಲಿ ಮೊದಲು ಬಿಳಿಚಿದ ತ್ರಿಕೋನ, ಆಮೇಲೆ ಕಂದು ಕಲೆ, ಕೊನೆಗೆ ಉದ್ದುದ್ದ ಬಿರುಕು ಕಾಣುತ್ತದೆ.

ಗಮನಿಸಬೇಕಾದದ್ದು ಏನೆಂದರೆ, ಈ ಬಿರುಕು ಸಿಪ್ಪೆಯದು. ಅದರ ಕೆಳಗೆ ದಪ್ಪ ನಾರು, ಆಮೇಲೆ ಚಿಪ್ಪು. ನುಸಿ ಅಲ್ಲಿಯವರೆಗೆ ಹೋಗುವುದಿಲ್ಲ. ಹಾನಿ ಹೆಚ್ಚಾಗಿದ್ದರೆ ಕಾಯಿ ಸಣ್ಣಗಾಗಿ, ನೀರೂ ಕಡಿಮೆ ಇರುತ್ತದೆ, ಸಿಪ್ಪೆ ಕೊಚ್ಚುವುದು ಕಷ್ಟವಾಗುತ್ತದೆ. ಆದರೆ ನೀರು ಕೆಟ್ಟಿರುವುದಿಲ್ಲ. ಹೀಗಾಗಿ ನುಸಿ ಕಲೆಯನ್ನು ಕಂಡಾಗ ಕೇಳಬೇಕಾದ ಪ್ರಶ್ನೆ ಗಾತ್ರ ಮತ್ತು ಬೆಲೆಯದು.

ನಿಜವಾಗಿ ಅನುಮಾನಿಸಬೇಕಾದ ಗುರುತುಗಳು ಬೇರೆ. ತೊಟ್ಟಿನ ದಳಗಳು ಕಳಚಿಬಿದ್ದು ಆ ಜಾಗ ಕಪ್ಪಾಗಿ, ಮೆತ್ತಗೆ, ತೇವವಾಗಿದ್ದರೆ ಬೇಡ. ಸಿಪ್ಪೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಒಂದು ಕಡೆ ತಗ್ಗಾದರೆ ಅಲ್ಲಿ ಪೆಟ್ಟು ಬಿದ್ದಿದೆ. ಇಲಿ, ಅಳಿಲು ಕೊರೆದ ತೂತು ತೊಟ್ಟಿನ ಬಳಿ ಇದ್ದರೂ ಬೇಡ. ಎಳೆಯ ಕಾಯಿಯ ಚಿಪ್ಪು ಇನ್ನೂ ಗಟ್ಟಿಯಾಗಿರುವುದಿಲ್ಲ. ಮರದಿಂದ ನೆಲಕ್ಕೆ ಬಿಟ್ಟರೆ ಸಿಪ್ಪೆಗೆ ಏನೂ ಆಗದಂತೆ ಕಂಡರೂ ಒಳಗೆ ಚಿಪ್ಪು ಸೀಳಿರಬಹುದು. ಮದ್ದೂರಿನಂಥ ದೊಡ್ಡ ಎಳನೀರು ಮಾರುಕಟ್ಟೆಗಳಿಗೆ ಹೋಗಿ ಅಲ್ಲಿಂದ ಹೊರರಾಜ್ಯಗಳಿಗೆ ಲಾರಿ ಹತ್ತಬೇಕಾದ ಗೊನೆಗಳನ್ನು ಹಗ್ಗ ಕಟ್ಟಿ ನಿಧಾನಕ್ಕೆ ಇಳಿಸುವುದು ಈ ಕಾರಣಕ್ಕೆ.

ಸಿಪ್ಪೆ ಕೆತ್ತಿದ ಕಾಯಿಯ ಅಪಾಯ

ಚಿಪ್ಪು ಸೀಳದ, ಕಣ್ಣು ತೆರೆಯದ ಕಾಯಿಯ ಒಳಗೆ ಸೂಕ್ಷ್ಮಜೀವಿಗಳಿಗೆ ದಾರಿ ಇರುವುದಿಲ್ಲ. ದಾರಿ ಸಿಕ್ಕಿದ ಮೇಲೆ ಮಾತ್ರ ಸಕ್ಕರೆ ಬೆರೆತ ಆ ನೀರು ಅವುಗಳಿಗೆ ಹಬ್ಬ. ಸಿಪ್ಪೆ ಇರುವ ತನಕ ಒಂದು ರಕ್ಷೆ ಇದೆ. ಅಂಗಡಿಗಳಲ್ಲಿ ಈಗ ಮೇಲಿನ ಹಸಿರು ಕೆತ್ತಿ, ಬಿಳಿಯ ಭಾಗ ಕಾಣುವಂತೆ ಮಾಡಿ, ಪ್ಲಾಸ್ಟಿಕ್ ಸುತ್ತಿ ಇಡುವ ಕಾಯಿಗೆ ಆ ರಕ್ಷೆ ತೆಳುವಾಗಿದೆ. ಅದನ್ನು ತಂಪಿನಲ್ಲಿಡಬೇಕು ಎಂದು ಚೀಟಿಯ ಮೇಲೆ ಬರೆಯುವುದು ಸುಮ್ಮನೆ ಅಲ್ಲ.

ಡೆನ್ಮಾರ್ಕಿನ ಒಂದು ಘಟನೆಯನ್ನು ಅಲ್ಲಿನ ವೈದ್ಯರು 2021ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. 69 ವರ್ಷದ ವ್ಯಕ್ತಿಯೊಬ್ಬರು ಇಂಥದೇ ಕೆತ್ತಿದ ಕಾಯನ್ನು ಕೊಂಡು ತಂದು, ಫ್ರಿಜ್ಜಿನಲ್ಲಿಡದೆ ಸುಮಾರು ಒಂದು ತಿಂಗಳು ಅಡುಗೆಮನೆಯ ಮೇಜಿನ ಮೇಲೆ ಬಿಟ್ಟಿದ್ದರು. ಆಮೇಲೊಂದು ದಿನ ಸ್ಟ್ರಾ ಹಾಕಿ ಸ್ವಲ್ಪ ನೀರು ಕುಡಿದರು. ರುಚಿ ಕೆಟ್ಟದಾಗಿತ್ತು, ನಿಲ್ಲಿಸಿದರು. ಕಾಯಿ ಒಡೆದು ನೋಡಿದರೆ ಒಳಗೆ ಲೋಳೆಯಾಗಿ ಕೊಳೆತಿತ್ತು. ಕೆಲವೇ ಗಂಟೆಗಳಲ್ಲಿ ಬೆವರು, ವಾಂತಿ ಶುರುವಾಗಿ, ಗೊಂದಲಕ್ಕೆ ಒಳಗಾಗಿ, ಮರುದಿನ ಅವರು ತೀರಿಕೊಂಡರು. ಕಾಯಲ್ಲಿ ಬೆಳೆದಿದ್ದ ಒಂದು ಶಿಲೀಂಧ್ರ ಮಾಡಿದ ವಿಷ ಅದಕ್ಕೆ ಕಾರಣವೆಂದು ಪರೀಕ್ಷೆಗಳಿಂದ ತಿಳಿಯಿತು.

ಇಂಥದ್ದು ತೀರಾ ಅಪರೂಪ. ಎಳನೀರಿಗೇ ಹೆದರಬೇಕಾದ ಕಾರಣವೂ ಇಲ್ಲ. ಆದರೆ ಇದರಿಂದ ಕಲಿಯಬೇಕಾದ ಎರಡು ಮಾತಿವೆ. ಒಂದು, ಸ್ಟ್ರಾ ಹಾಕಿ ಕುಡಿಯುವವರಿಗೆ ಒಳಗು ಕಾಣುವುದೇ ಇಲ್ಲ. ಹಳೆಯದೆಂಬ ಅನುಮಾನವಿದ್ದರೆ ನೀರನ್ನು ಲೋಟಕ್ಕೆ ಬಗ್ಗಿಸಿ ನೋಡಿಯೇ ಕುಡಿಯಬೇಕು. ಎರಡು, ರುಚಿ ನೋಡುವುದು ಪರೀಕ್ಷೆಯಲ್ಲ. ಕೆತ್ತಿದ ಕಾಯಿಯ ಬಿಳಿಭಾಗ ಕಂದಾಗಿ ಕಪ್ಪು ಚುಕ್ಕೆ ಬಿದ್ದಿದ್ದರೆ, ಪ್ಲಾಸ್ಟಿಕ್ಕಿನ ಒಳಗೆ ತೇವ ಕಟ್ಟಿದ್ದರೆ, ಹುಳಿ ವಾಸನೆ ಬಂದರೆ, ತುಟಿಗೆ ತಾಗಿಸುವ ಮೊದಲೇ ಬಿಡಬೇಕು. ನೀರು ಸ್ವಚ್ಛವಾಗಿಲ್ಲದೆ ಬಿಳಿಚಿ ಮಬ್ಬಾಗಿದ್ದರೆ, ನೊರೆ ಬಂದರೆ, ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿಬಿಡಿ.

ಸುಲಿದ ಕಾಯಿ: ಸದ್ದು, ತೂಕ, ಕಣ್ಣು

ಈಗ ಅಡುಗೆಗೆ, ಪೂಜೆಗೆ ಕೊಳ್ಳುವ ಬಲಿತ ಕಾಯಿಗೆ ಬರೋಣ. ಇಲ್ಲಿ ಕುಲುಕುವ ಸದ್ದು ನಮಗೆ ಬೇಕು. ಚಿಪ್ಪು ಗಟ್ಟಿಯಾಗಿದೆ, ತಿರುಳು ಪೂರ್ತಿ ಕಟ್ಟಿದೆ, ನೀರು ಕಡಿಮೆಯಾಗಿ ಗಾಳಿಗೆ ಜಾಗ ಬಂದಿದೆ. ನೀರಿದೆ ಎಂದರೆ ಚಿಪ್ಪು ಸೀಳಿಲ್ಲ. ಅಲ್ಲಾಡಿಸುವ ಪರೀಕ್ಷೆ ಬಲಿತ ಕಾಯಲ್ಲಿ ಹೇಳುವುದು ಮುಖ್ಯವಾಗಿ ಇದನ್ನು.

ಅಂಗಡಿಯ ಮುಂದೆ ಒಂದೇ ಗಾತ್ರದ ನಾಲ್ಕು ಸುಲಿದ ಕಾಯಿ ಇವೆ ಎಂದುಕೊಳ್ಳಿ. ಮೊದಲನೆಯದನ್ನು ಕೈಯಲ್ಲಿ ಹಿಡಿದರೆ ಭಾರವಾಗಿದೆ, ಅಲ್ಲಾಡಿಸಿದರೆ ನೀರು ಸಡಿಲವಾಗಿ ಕುಲುಕುತ್ತದೆ, ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಟಣ್ ಸದ್ದು. ಕಣ್ಣುಗಳು ಒಣಗಿವೆ. ಇದು ಹದವಾದ ಕಾಯಿ.

ಎರಡನೆಯದೂ ಭಾರವಾಗಿದೆ, ಆದರೆ ನೀರಿನ ಸದ್ದು ಬಹಳ ಮೆಲ್ಲಗೆ. ಚಿಪ್ಪಿನ ಬಣ್ಣ ಕಡು ಕಂದಾಗಿರದೆ ತಿಳಿಯಾಗಿದೆ. ಇದು ಒಂದೆರಡು ತಿಂಗಳು ಮೊದಲೇ ಕಿತ್ತ ಎಳಸು ಕಾಯಿ. ಕೆಟ್ಟಿಲ್ಲ. ತಿರುಳು ಮೆತ್ತಗೆ, ಸಿಹಿಯಾಗಿರುತ್ತದೆ. ಹಸಿ ಚಟ್ನಿಗೆ ಚೆನ್ನ. ಆದರೆ ತುರಿದು ಹಾಲು ಹಿಂಡಿದರೆ ಗಟ್ಟಿ ಹಾಲು ಬರುವುದಿಲ್ಲ. ಒಣಗಿಸಿದರೆ ಸುಕ್ಕಾಗಿ ರಬ್ಬರಿನಷ್ಟು ಜಿಗುಟಾಗುತ್ತದೆ.

ಮೂರನೆಯದು ಗಾತ್ರಕ್ಕೆ ಹಗುರ. ಸದ್ದೇ ಇಲ್ಲ. ಸುಲಿದ ಕಾಯಿ ಸಾಮಾನ್ಯವಾಗಿ ಅರ್ಧ ಕಿಲೋ ಆಸುಪಾಸು ತೂಗುತ್ತದೆ. ಒಳಗಿನ ನೀರೆಲ್ಲ ಹೋದರೆ ಕೈಗೆ ಆ ವ್ಯತ್ಯಾಸ ತಿಳಿಯುತ್ತದೆ. ಚಿಪ್ಪಿನ ಮೇಲೆ ಬೆಳಕು ಬೀಳುವಂತೆ ತಿರುಗಿಸಿ ನೋಡಿದರೆ ಕೂದಲೆಳೆಯಷ್ಟು ಸಣ್ಣ ಗೆರೆ, ಅದರ ಗುಂಟ ತೇವ ಒಣಗಿದ ಕಲೆ. ತಟ್ಟಿದರೆ ಒಡಕಲು ಸದ್ದು. ಸುಲಿದ ಕಾಯಿ ಬಿಸಿಲಿಗೆ ಬಿದ್ದಾಗ ಚಿಪ್ಪು ಒಣಗಿ ಹೀಗೆ ಸೀಳುತ್ತದೆ. ನೀರು ಸೋರಿದ ದಾರಿಯಲ್ಲೇ ಬೂಷ್ಟು ಒಳಗೆ ಹೋಗುತ್ತದೆ. ಇದು ಬೇಡ.

ನಾಲ್ಕನೆಯದು ಮೋಸದ ಕಾಯಿ. ಸಾಕಷ್ಟು ಭಾರವಿದೆ, ನೀರೂ ಕುಲುಕುತ್ತದೆ. ಆದರೆ ಜುಟ್ಟು ಸರಿಸಿ ಕಣ್ಣುಗಳನ್ನು ನೋಡಿದರೆ ಒಂದು ಕಣ್ಣು ಕಪ್ಪಾಗಿ ತೇವವಾಗಿದೆ, ಸುತ್ತ ಬಿಳಿ ಬೂಷ್ಟು. ಮೂರು ಕಣ್ಣುಗಳಲ್ಲಿ ಒಂದು ಮೃದುವಾಗಿರುತ್ತದೆ. ಮೊಳಕೆ ಹೊರಬರಲು ಇರುವ ದಾರಿ ಅದು. ಹೊರಗಿನಿಂದ ಸೂಕ್ಷ್ಮಜೀವಿಗಳು ನುಗ್ಗುವುದೂ ಅಲ್ಲಿಂದಲೇ. ಈ ಕಾಯಿಯ ನೀರು ಇನ್ನೂ ಸೋರಿಲ್ಲದಿರಬಹುದು, ಆದರೆ ಅದು ಹುಳಿಯತೊಡಗಿದೆ. ಕಣ್ಣಿನ ಬಳಿ ಮೂಗು ಹಿಡಿದರೆ ಗೊತ್ತಾಗುತ್ತದೆ. ಅಲ್ಲಾಡಿಸಿ ಮಾತ್ರ ಕೊಳ್ಳುವವರಿಗೆ ಸಿಗುವ ಕೆಟ್ಟ ಕಾಯಿ ಬಹುಪಾಲು ಇಂಥದು.

ಜುಟ್ಟು ಬಿಟ್ಟು ಸುಲಿಯುವ ಕ್ರಮಕ್ಕೆ ಪೂಜೆಯ ಸಂಪ್ರದಾಯದ ಜೊತೆಗೆ ಈ ಉಪಯೋಗವೂ ಇದೆ. ನಾರಿನ ಗೊಂಚಲು ಕಣ್ಣುಗಳನ್ನು ಮುಚ್ಚಿಟ್ಟು ಕಾಯಿಯ ಬಾಳಿಕೆ ಹೆಚ್ಚಿಸುತ್ತದೆ. ನುಣ್ಣಗೆ ಬೋಳಿಸಿದ ಕಾಯಿ ನೋಡಲು ಚೆಂದ, ಆದರೆ ಬೇಗ ಕೆಡುತ್ತದೆ. ಮನೆಯಲ್ಲಿ ಇಡುವುದಾದರೆ ಜುಟ್ಟಿರುವ ಕಾಯನ್ನೇ ಕೊಂಡು, ಒಡೆಯುವ ದಿನ ಜುಟ್ಟು ಕೀಳುವುದು ಒಳ್ಳೆಯದು. ದೇವರ ಮುಂದೆ ಒಡೆದ ಕಾಯಿ ಕೊಳೆತಿದ್ದರೆ ಅಪಶಕುನವೆಂದು ಕೆಲವರು ಕಳವಳಪಡುತ್ತಾರೆ. ಅಂಥ ಕಾಯಿಯ ಕಣ್ಣನ್ನೂ ಚಿಪ್ಪನ್ನೂ ಹುಡುಕಿದರೆ ಸಾಮಾನ್ಯವಾಗಿ ಹಳೆಯ ಬಿರುಕೊಂದು ಸಿಗುತ್ತದೆ.

ಸದ್ದಿಲ್ಲದ ಕಾಯೆಲ್ಲ ಕೊಳೆತದ್ದೂ ಅಲ್ಲ. ಬಹಳ ದಿನ ಇಟ್ಟ ಕಾಯಿ ಒಳಗೇ ಮೊಳೆತಿರಬಹುದು. ಆಗ ನೀರಿನ ಜಾಗದಲ್ಲಿ ಹಳದಿ ಛಾಯೆಯ, ಮೆತ್ತಗಿನ, ಸಿಹಿಯಾದ ಉಂಡೆ ಬೆಳೆದಿರುತ್ತದೆ. ಈಚೆಗೆ ರಸ್ತೆ ಬದಿಯಲ್ಲಿ ತೆಂಗಿನ ಹೂವು ಎಂದು ಮಾರುವುದು ಇದನ್ನೇ. ಹಗುರಾಗಿ ಸದ್ದಿಲ್ಲದ್ದು ಸೋರಿದ ಕಾಯಿ. ಭಾರವಿದ್ದು ಸದ್ದಿಲ್ಲದೆ, ಮೃದು ಕಣ್ಣಿನಲ್ಲಿ ಒಣ ಮೊಳಕೆಯ ತುದಿ ಕಂಡರೆ ಅದು ಮೊಳೆತ ಕಾಯಿ. ಎರಡನ್ನೂ ಬೇರ್ಪಡಿಸುವುದು ತೂಕ ಮತ್ತು ಕಣ್ಣು.

ಅಟ್ಟದ ಮೇಲೆ

ತಿಪಟೂರು, ಅರಸೀಕೆರೆ ಕಡೆಯ ಉಂಡೆ ಕೊಬ್ಬರಿ ತಯಾರಾಗುವುದು ಬಿಸಿಲಿನಲ್ಲಿ ಅಲ್ಲ, ಸಿಪ್ಪೆಯ ಒಳಗೆ. ಪೂರ್ತಿ ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತಾರೆ. ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಒಣಗಿ ಕುಗ್ಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಈಗ ಅಲ್ಲಾಡಿಸಿದರೆ ನೀರಿನ ಸದ್ದು ಹೋಗಿ, ಉಂಡೆ ಚಿಪ್ಪಿಗೆ ಬಡಿಯುವ ಒಣ ಸದ್ದು ಬರಬೇಕು. ಗಟ್ಟಿಯಾಗಿ, ಒಂದೇ ತುಂಡಾಗಿ ಬಡಿದರೆ ಗಿಟುಕು ಆಗಿದೆ. ನೀರೂ ಇಲ್ಲ, ಉಂಡೆಯೂ ಬಡಿಯದು ಎಂದರೆ ತಿರುಳು ಚಿಪ್ಪಿಗೆ ಅಂಟಿದೆ: ಎಳಸಿನಲ್ಲಿ ಕಿತ್ತದ್ದು, ನೀರು ಸೋರಿ ಕೊಳೆತದ್ದು ಅಥವಾ ಮೊಳೆತದ್ದು. ಅಂಗಡಿಯಲ್ಲಿ ನಾವು ಕೊಳ್ಳುವ ಸುಲಿದ ಗಿಟುಕಿನಲ್ಲಿ ಈ ಇತಿಹಾಸ ಹೊರಮೈಯಲ್ಲಿಯೇ ಕಾಣುತ್ತದೆ. ಸಮವಾದ ಕಂದು ಮೈ, ಉಗುರಿಗೆ ಗಟ್ಟಿ, ಮುರಿದರೆ ಬೆಳ್ಳಗೆ ಇದ್ದರೆ ಒಳ್ಳೆಯದು. ಆಳವಾದ ಸುಕ್ಕು ಎಳಸುತನದ ಗುರುತು. ಹಸಿರು ಇಲ್ಲವೇ ಕಪ್ಪು ಬೂಷ್ಟು, ಕಮಟು ವಾಸನೆ ಇದ್ದದ್ದನ್ನು ತೊಳೆದು ಒಣಗಿಸಿ ಬಳಸಬಾರದು. ಬೂಷ್ಟಿನ ವಿಷ ತೊಳೆದರೆ ಹೋಗುವಂಥದ್ದಲ್ಲ.

ಹೊರಗಿನ ಗುರುತುಗಳಿಗೆ ಒಂದು ಮಿತಿ ಇದೆ. ಚಿಪ್ಪು ಗಟ್ಟಿ, ಕಣ್ಣು ಒಣ, ನೀರು ಕುಲುಕು ಎಲ್ಲ ಸರಿಯಿದ್ದರೂ ಒಡೆದಾಗ ತಿರುಳಿನ ಮೇಲೆ ಹಳದಿ ಕಲೆಯೋ ಲೋಳೆಯೋ ಕಾಣುವ ಕಾಯಿ ಆಗೊಮ್ಮೆ ಈಗೊಮ್ಮೆ ಸಿಕ್ಕೇ ಸಿಗುತ್ತದೆ. ಆದ್ದರಿಂದ ಹಲವು ಕಾಯಿ ಬೇಕಾಗುವ ಅಡುಗೆಯ ದಿನ ಪ್ರತಿಯೊಂದರ ನೀರನ್ನೂ ಬೇರೆ ಬೇರೆ ಲೋಟಕ್ಕೆ ಬಗ್ಗಿಸಿ, ಮೂಸಿ ನೋಡಿ, ಆಮೇಲೆ ಒಂದೇ ಪಾತ್ರೆಗೆ ಸೇರಿಸಬೇಕು. ತುರಿಯೂ ಹಾಗೆಯೇ. ಒಂದು ಕೆಟ್ಟ ಕಾಯಿ ಹೋದರೆ ನಷ್ಟ ಒಂದೇ ಕಾಯಿಯದು. ನೋಡದೆ ಬೆರೆಸಿದರೆ ಇಡೀ ಪಾತ್ರೆ ಚೆಲ್ಲಬೇಕು.